ಬೃಹತ್ ಕಾಂಕ್ರೀಟ್ ರಾಫ್ಟ್‌ನ ಉಷ್ಣ ಬಿರುಕು ನಿಯಂತ್ರಣ ಯೋಜನೆ

ಉಷ್ಣ ಬಿರುಕು ನಿಯಂತ್ರಣ ಯೋಜನೆ ಎಂಬುದು ದಪ್ಪನಾದ ಕಾಂಕ್ರೀಟ್ ತಳಪಾಯವು ತನ್ನದೇ ಶಾಖದಿಂದ ಬಿರುಕು ಬಿಡದಂತೆ ನೋಡಿಕೊಳ್ಳಲು ಕಾಮಗಾರಿಗೆ ಮೊದಲೇ ಸಿದ್ಧಪಡಿಸುವ ಲಿಖಿತ ದಾಖಲೆಯಾಗಿದೆ. ಕಟ್ಟಡದ ಭಾರವನ್ನೆಲ್ಲ ಒಂದೇ ಹಾಸಿನ ಮೇಲೆ ಹೊರುವ ತಳಪಾಯಕ್ಕೆ ರಾಫ್ಟ್ ಎಂದು ಹೆಸರು. ಇದರ ದಪ್ಪ ಸುಮಾರು ಒಂದು ಮೀಟರನ್ನು ಸಮೀಪಿಸಿದಾಗ ಒಳಗೆ ಹುಟ್ಟುವ ಶಾಖವು ಹೊರಹೋಗುವುದು ನಿಧಾನವಾಗುತ್ತದೆ. ಇಂತಹ ಕಾಂಕ್ರೀಟನ್ನು ಬೃಹತ್ ಕಾಂಕ್ರೀಟ್ ಎಂದು ಪರಿಗಣಿಸಲಾಗುತ್ತದೆ.

== ಬಿರುಕಿನ ಕಾರಣ ==

ಸಿಮೆಂಟು ನೀರಿನೊಡನೆ ಸಂಯೋಗ ಹೊಂದುವಾಗ ಶಾಖ ಬಿಡುಗಡೆಯಾಗುತ್ತದೆ. ತೆಳುವಾದ ಚಪ್ಪಡಿಯಲ್ಲಿ ಈ ಶಾಖವು ಹುಟ್ಟಿದಂತೆಲ್ಲ ಗಾಳಿಗೆ ಸೇರಿಹೋಗುತ್ತದೆ. ದಪ್ಪ ರಾಫ್ಟ್‌ನಲ್ಲಿ ಮೇಲ್ಮೈ ತಣಿದರೂ ಒಡಲು ಬಿಸಿಯಾಗಿಯೇ ಉಳಿಯುತ್ತದೆ. ಬಿಸಿಯಾದ ಒಡಲು ಹಿಗ್ಗಿರುವಾಗ ತಣಿದ ಮೇಲ್ಮೈ ಕುಗ್ಗಲು ಯತ್ನಿಸುತ್ತದೆ. ಒಡಲು ಅದನ್ನು ತಡೆಯುವುದರಿಂದ ಮೇಲ್ಮೈಯಲ್ಲಿ ಎಳೆತ ಉಂಟಾಗುತ್ತದೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದಾದರೂ ಎಳೆತಕ್ಕೆ ದುರ್ಬಲವಾದುದು. ಎಳೆತವು ಅದರ ಶಕ್ತಿಯನ್ನು ಮೀರಿದೊಡನೆ ಮೇಲ್ಮೈ ಬಿರಿಯುತ್ತದೆ.

ಶಾಖವು ಹೊರಹೋಗಲು ಬೇಕಾಗುವ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪವನ್ನು ಇಮ್ಮಡಿಗೊಳಿಸಿದರೆ ತಣಿಯುವ ಅವಧಿಯು ಸುಮಾರು ನಾಲ್ಕು ಪಟ್ಟಾಗುತ್ತದೆ.

== ತಾಪಮಾನದ ಎರಡು ಮಿತಿಗಳು ==

ಯೋಜನೆಯಲ್ಲಿ ಸಾಮಾನ್ಯವಾಗಿ ಎರಡು ಮಿತಿಗಳಿರುತ್ತವೆ.

* ಗರಿಷ್ಠ ತಾಪಮಾನ: ಒಡಲಿನ ಉಷ್ಣತೆ 70 °ಸೆ. ಮೀರಬಾರದು. ಇದನ್ನು ಮೀರಿದರೆ ಎಟ್ರಿಂಗೈಟ್ ಎಂಬ ಸ್ಫಟಿಕವು ಆರಂಭದಲ್ಲಿ ಸರಿಯಾಗಿ ರೂಪುಗೊಳ್ಳದೆ, ಕಾಂಕ್ರೀಟು ಗಟ್ಟಿಯಾದ ಮೇಲೆ ತೇವದ ಸಂಪರ್ಕದಲ್ಲಿ ಬೆಳೆದು ಒಳಗಿನಿಂದಲೇ ಅದನ್ನು ಉಬ್ಬಿಸಿ ಒಡೆಯಬಹುದು. ಈ ಹಾನಿಯು ಹೊರಗೆ ಕಾಣಿಸಿಕೊಳ್ಳಲು ವರ್ಷಗಳೇ ಬೇಕಾಗಬಹುದು.
* ತಾಪಮಾನದ ಅಂತರ: ಒಡಲಿಗೂ ಮೇಲ್ಮೈಗೂ ಇರುವ ವ್ಯತ್ಯಾಸವು ಸುಮಾರು 20 °ಸೆ. ಒಳಗಿರಬೇಕು. ಅಮೆರಿಕದ ಎಸಿಐ 301 ನಿರ್ದೇಶನವು ಇದನ್ನು 19 °ಸೆ. ಎಂದು ನಿಗದಿಪಡಿಸುತ್ತದೆ.

ಅಂತರದ ಮಿತಿಯು ಜಲ್ಲಿಯ ಗುಣವನ್ನೂ ಅವಲಂಬಿಸಿದೆ. 20 °ಸೆ. ಎಂಬ ಅಂಕಿಯು ಬಿಸಿಗೆ ಹೆಚ್ಚು ಹಿಗ್ಗುವ ನದಿಗುಂಡುಕಲ್ಲಿನ ಜಲ್ಲಿಗೆ ಹೊಂದುವಂಥದು. ಗ್ರಾನೈಟಿಗೆ ಸುಮಾರು 28, ಸುಣ್ಣಕಲ್ಲಿಗೆ ಸುಮಾರು 39 ಡಿಗ್ರಿಯವರೆಗಿನ ಅಂತರವನ್ನು ಬ್ರಿಟಿಷ್ ಮಾರ್ಗದರ್ಶಿಗಳು ಸೂಚಿಸುತ್ತವೆ. ಬೆಂಗಳೂರು, ಕೋಲಾರಗಳ ಸುತ್ತಲಿನ ಜಲ್ಲಿಯು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಯದು. ಆದರೂ ಪರೀಕ್ಷೆಯಿಲ್ಲದೆ ಮಿತಿಯನ್ನು ಸಡಿಲಿಸುವುದು ಸರಿಯಲ್ಲ.

ಇವೆರಡರಲ್ಲಿ ಒಂದು ಮುಖ್ಯ ಭೇದವಿದೆ. ಒಡಲಿನೊಳಗೆ ತಣ್ಣೀರಿನ ಕೊಳವೆಗಳನ್ನು ಹುದುಗಿಸಿರದಿದ್ದಲ್ಲಿ, ಗರಿಷ್ಠ ತಾಪಮಾನವು ಮಿಶ್ರಣದಿಂದಲೂ ಸುರಿಯುವಾಗಿನ ಉಷ್ಣತೆಯಿಂದಲೂ ಮೊದಲೇ ನಿರ್ಧಾರವಾಗಿರುತ್ತದೆ. ಸುರಿದ ಮೇಲೆ ಅದನ್ನು ತಗ್ಗಿಸಲು ಬಾರದು. ಅಂತರವನ್ನಾದರೋ ಸುರಿದ ನಂತರವೂ ಹೊದಿಕೆಯಿಂದ ನಿಯಂತ್ರಿಸಬಹುದು.

== ಲೆಕ್ಕಾಚಾರದ ಮಾದರಿ ==

2 ಮೀಟರ್ ದಪ್ಪದ ಒಂದು ರಾಫ್ಟ್‌ಗೆ ಘನಮೀಟರಿಗೆ 400 ಕೆ.ಜಿ. ಸಿಮೆಂಟು ಬೇಕೆಂದೂ, ಬೇಸಿಗೆಯಲ್ಲಿ ಕಾಂಕ್ರೀಟು 32 °ಸೆ. ಉಷ್ಣತೆಯಲ್ಲಿ ಸ್ಥಳಕ್ಕೆ ಬರುವುದೆಂದೂ ಭಾವಿಸೋಣ. ಪ್ರತಿ 100 ಕೆ.ಜಿ. ಸಿಮೆಂಟಿಗೆ ಸುಮಾರು 12 ಡಿಗ್ರಿ ಏರಿಕೆಯಾಗುತ್ತದೆಂಬುದು ಸ್ಥೂಲ ನಿಯಮ. ಆಗ ಏರಿಕೆ 48 ಡಿಗ್ರಿ; ಒಡಲಿನ ಉಷ್ಣತೆ 32 + 48 = 80 °ಸೆ. ಇದು ಮಿತಿಯನ್ನು ಹತ್ತು ಡಿಗ್ರಿಯಷ್ಟು ಮೀರುತ್ತದೆ.

ಮೊದಲ ಪರಿಹಾರ ಮಿಶ್ರಣದ ಬದಲಾವಣೆ. 400 ಕೆ.ಜಿ.ಯಲ್ಲಿ 140 ಕೆ.ಜಿ.ಯಷ್ಟು ಹಾರುಬೂದಿ ಬಳಸಿದರೆ, ಅದರ ಶಾಖವು ಸಿಮೆಂಟಿನ ಅರ್ಧದಷ್ಟೆಂದು ಎಣಿಸಿ, ಏರಿಕೆಯು ಸುಮಾರು 40 ಡಿಗ್ರಿಗೆ ಇಳಿಯುತ್ತದೆ. ಒಡಲು 72 °ಸೆ. ತಲಪುವುದರಿಂದ ಇದೊಂದೇ ಸಾಲದು. ಹಾರುಬೂದಿಯ ಕಾಂಕ್ರೀಟು ನಿಧಾನವಾಗಿ ಬಲಗೊಳ್ಳುವುದರಿಂದ, ಅದರ ಬಲವನ್ನು 28 ದಿನಗಳ ಬದಲು 56 ದಿನಗಳಿಗೆ ಪರೀಕ್ಷಿಸಲು ವಿನ್ಯಾಸಕಾರರ ಒಪ್ಪಿಗೆಯನ್ನೂ ಪಡೆಯಲಾಗುತ್ತದೆ.

ಎರಡನೆಯದು ಮಂಜುಗಡ್ಡೆ. ಒಂದು ಘನಮೀಟರ್ ಕಾಂಕ್ರೀಟನ್ನು ಒಂದು ಡಿಗ್ರಿ ತಣಿಸಲು ಸುಮಾರು 2400 ಕಿಲೋಜೂಲ್ ಶಾಖವನ್ನು ತೆಗೆಯಬೇಕು. 30 °ಸೆ. ನೀರಿನ ಬದಲು ಒಂದು ಕೆ.ಜಿ. ಮಂಜುಗಡ್ಡೆಯನ್ನು ಹಾಕಿದರೆ ಸುಮಾರು 460 ಕಿಲೋಜೂಲ್ ಕಡಿಮೆಯಾಗುತ್ತದೆ. ಆದ್ದರಿಂದ 32ರಿಂದ 27 ಡಿಗ್ರಿಗೆ ಇಳಿಸಲು ಸುಮಾರು 26 ಕೆ.ಜಿ. ಬೇಕು, ದಾರಿಯಲ್ಲಿ ಏರುವ ಬಿಸಿಗಾಗಿ 30 ಕೆ.ಜಿ. ಎಂದಿಟ್ಟುಕೊಳ್ಳಬಹುದು. ಇಷ್ಟೇ ತೂಕದ ನೀರನ್ನು ಮಿಶ್ರಣದಿಂದ ಕಡಿತಗೊಳಿಸತಕ್ಕದ್ದು. ಈಗ ಒಡಲಿನ ನಿರೀಕ್ಷಿತ ಉಷ್ಣತೆ 27 + 40 = 67 °ಸೆ.

== ಹೊದಿಕೆ ಮತ್ತು ನೀರು ==

ಒಡಲು 67 °ಸೆ. ಇರುವಾಗ ತೆರೆದ ಮೇಲ್ಮೈಯು ರಾತ್ರಿಯಲ್ಲಿ 40 °ಸೆ.ಗೂ ಕೆಳಗಿಳಿಯಬಹುದು. ಆಗ ಅಂತರ 27 ಡಿಗ್ರಿ ದಾಟುತ್ತದೆ. ಇದನ್ನು ತಡೆಯಲು ಮೇಲ್ಮೈಗೆ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಥರ್ಮೋಕೋಲ್ ಅಥವಾ ಫೋಮ್ ಹಾಳೆ, ಕೊನೆಗೆ ಮಳೆನೀರು ಇಳಿಯದಂತೆ ಟಾರ್ಪಾಲಿನ್ ಹೊದಿಸಲಾಗುತ್ತದೆ. ತೇವವು ಒಳಗೇ ಉಳಿಯುವುದರಿಂದ ಕ್ಯೂರಿಂಗ್ ಕಾರ್ಯವೂ ಇದರಿಂದಲೇ ನಡೆಯುತ್ತದೆ.

ಸಾಮಾನ್ಯ ಚಪ್ಪಡಿಗೆ ಮಾಡುವಂತೆ ಬಿಸಿ ರಾಫ್ಟ್‌ನ ಮೇಲೆ ತಣ್ಣೀರು ಹಾಯಿಸುವುದು ಇಲ್ಲಿ ಅಪಾಯಕರ. ನೀರು ಮೇಲ್ಮೈಯನ್ನು ಮಾತ್ರ ತಣಿಸಿ ಅಂತರವನ್ನು ಹೆಚ್ಚಿಸುತ್ತದೆ. ಹೊದಿಕೆಯು ಒದ್ದೆಯಾದರೂ ಶಾಖವನ್ನು ತಡೆಯುವ ಅದರ ಗುಣ ಕುಗ್ಗುತ್ತದೆ. ಕಂಬದ ಸರಳುಗಳು ಮೇಲೆದ್ದಿರುವ ಸ್ಥಳಗಳಲ್ಲಿ ಉಳಿಯುವ ಸಂದುಗಳು ಹಾಗೂ ಎರಡು-ಮೂರು ಕಡೆಯಿಂದ ಶಾಖ ಕಳೆದುಕೊಳ್ಳುವ ಮೂಲೆಗಳು ಹೊದಿಕೆಯ ದುರ್ಬಲ ಭಾಗಗಳಾಗಿವೆ.

== ಮಾಪನ ==

ತಾಪಮಾನವನ್ನು ಥರ್ಮೋಕಪಲ್ ತಂತಿಗಳಿಂದ ಅಳೆಯಲಾಗುತ್ತದೆ. ರಾಫ್ಟ್‌ನ ನಡುವೆ ಅರ್ಧ ಆಳದಲ್ಲಿ ಒಂದು, ಅದರ ನೇರ ಮೇಲೆ ಮೇಲ್ಮೈಯಿಂದ 50 ಮಿ.ಮೀ. ಒಳಗೆ ಒಂದು, ತಳದ ಬಳಿ ಒಂದು, ಅಂಚು ಅಥವಾ ಮೂಲೆಯಲ್ಲಿ ಒಂದು, ನೆರಳಿನ ಗಾಳಿಯಲ್ಲಿ ಒಂದು ಎಂಬುದು ಸಾಮಾನ್ಯ ಕ್ರಮ. ಕಾಂಕ್ರೀಟಿನಲ್ಲಿ ಹುದುಗಿದ ತಂತಿಯನ್ನು ಬದಲಿಸಲಾಗದ ಕಾರಣ ಪ್ರತಿ ಸ್ಥಾನದಲ್ಲೂ ಜೋಡಿ ತಂತಿಗಳಿರುತ್ತವೆ. ತಂತಿಯ ತುದಿಯು ಕಬ್ಬಿಣದ ಸರಳಿಗೆ ತಾಗದಂತೆ ಕಟ್ಟಬೇಕು.

ಅಳತೆಯನ್ನು ಗಂಟೆಗೊಮ್ಮೆ ದಾಖಲಿಸಲಾಗುತ್ತದೆ. ಒಡಲಿನ ಅಳತೆಯೊಂದು ಹಗಲಲ್ಲಿ ಏರಿ ರಾತ್ರಿಯಲ್ಲಿ ಇಳಿಯುತ್ತಿದ್ದರೆ ಅದು ನಿಜವಾದ ಉಷ್ಣತೆಯಲ್ಲ. ತಂತಿಗಳು ಹೊರಗೆಲ್ಲೋ ಒಂದಕ್ಕೊಂದು ತಾಗಿ ಉಪಕರಣವು ಗಾಳಿಯ ಉಷ್ಣತೆಯನ್ನೇ ತೋರಿಸುತ್ತಿರುವ ಸಾಧ್ಯತೆ ಹೆಚ್ಚು.

ಮಿತಿ ಮುಟ್ಟುವ ಮೊದಲೇ ಎಚ್ಚರಿಸಲು ಹಂತಗಳನ್ನು ಗೊತ್ತುಮಾಡಲಾಗುತ್ತದೆ. ಉದಾಹರಣೆಗೆ, ಅಂತರ 15 ಡಿಗ್ರಿಯಾದಾಗ ಹೊಣೆಗಾರ ಎಂಜಿನಿಯರಿಗೆ ತಿಳಿಸುವುದು, 18 ಆದಾಗ ಹೊದಿಕೆಯನ್ನು ಪರಿಶೀಲಿಸಿ ಇನ್ನೊಂದು ಪದರ ಸೇರಿಸುವುದು.

== ದಾಖಲೆಗಳು ==

* ಪ್ರತಿ ಲಾರಿಯ ಕಾಂಕ್ರೀಟಿನ ಆಗಮನದ ವೇಳೆ, ಉಷ್ಣತೆ ಮತ್ತು ಅದನ್ನು ಸುರಿದ ಭಾಗ
* ಮಾಪಕಗಳ ಸ್ಥಾನ ತೋರಿಸುವ ನಕ್ಷೆ
* ಗಂಟೆಗಂಟೆಯ ತಾಪಮಾನ ಮತ್ತು ಅಂತರ
* ಕೈಗೊಂಡ ಕ್ರಮ, ಅದರ ವೇಳೆ, ಕೈಗೊಂಡವರ ಸಹಿ
* ಹೊದಿಕೆ ತೆಗೆದ ನಂತರದ ಬಿರುಕು ಸಮೀಕ್ಷೆ

ಮೇಲಿನ ಮಾದರಿ ರಾಫ್ಟ್‌ನ ಒಂದು ಕಾಲ್ಪನಿಕ ನಮೂದು ಹೀಗಿರಬಹುದು: "60ನೆಯ ಗಂಟೆ, ಬೆಳಗಿನ ಜಾವ. ಒಡಲು 67, ಮೇಲ್ಮೈ 48, ಅಂತರ 19. ಪೂರ್ವದ ಅಂಚಿನಲ್ಲಿ ಹೊದಿಕೆ ಮಳೆಗೆ ನೆನೆದಿದೆ. ಒಣ ಹಾಳೆ ಬದಲಿಸಲಾಯಿತು. 66ನೆಯ ಗಂಟೆ: ಅಂತರ 16." ಮುಂದೆ ಬಿರುಕು ಕಂಡರೆ ಅದರ ಕಾರಣವನ್ನು ಹುಡುಕಲು ಇಂತಹ ನಮೂದುಗಳೇ ಆಧಾರ. ಸುರಿದ ಕೆಲವೇ ಗಂಟೆಗಳಲ್ಲಿ ಮೂಡುವ ಬಿರುಕು ಮೇಲ್ಮೈ ಬೇಗ ಒಣಗಿದುದರ ಪರಿಣಾಮ. ಉಷ್ಣ ಬಿರುಕು ಸಾಮಾನ್ಯವಾಗಿ ದಿನಗಳ ನಂತರ ಮೂಡುತ್ತದೆ.

== ಹೊದಿಕೆ ತೆಗೆಯುವ ಕಾಲ ==

ಒಡಲು ಗರಿಷ್ಠ ಉಷ್ಣತೆಯನ್ನು ದಾಟಿ ಇಳಿಯತೊಡಗಿತೆಂದ ಮಾತ್ರಕ್ಕೆ ಹೊದಿಕೆಯನ್ನು ತೆಗೆಯುವಂತಿಲ್ಲ. ತೆಗೆದ ಕೂಡಲೇ ಮೇಲ್ಮೈಯು ಗಾಳಿಯ ಉಷ್ಣತೆಯತ್ತ ಧಾವಿಸುತ್ತದೆ. ಆದ್ದರಿಂದ ಒಡಲಿಗೂ ರಾತ್ರಿಯ ಕನಿಷ್ಠ ಗಾಳಿಯ ಉಷ್ಣತೆಗೂ ಇರುವ ಅಂತರವು 20 ಡಿಗ್ರಿಯೊಳಗೆ ಬರುವವರೆಗೆ ಕಾಯಲಾಗುತ್ತದೆ. ರಾತ್ರಿ 19 °ಸೆ. ಇದ್ದರೆ ಒಡಲು 39 °ಸೆ.ಗೆ ಇಳಿದಿರಬೇಕು. 2 ಮೀಟರ್ ದಪ್ಪದ ರಾಫ್ಟ್‌ನಲ್ಲಿ ಇದಕ್ಕೆ ಎರಡು ವಾರಗಳೇ ಹಿಡಿಯಬಹುದು. ಕಾಮಗಾರಿಯ ವೇಳಾಪಟ್ಟಿಯಲ್ಲಿ ಈ ಅವಧಿಯನ್ನು ಮೊದಲೇ ಸೇರಿಸಿರದಿದ್ದರೆ, ಕಂಬಗಳ ಕೆಲಸಕ್ಕಾಗಿ ಹೊದಿಕೆಯನ್ನು ಅವಧಿಗೆ ಮುನ್ನ ತೆಗೆಯುವ ಒತ್ತಡ ಉಂಟಾಗುತ್ತದೆ.

== ಒಂದು ನಿದರ್ಶನ ==

ದುಬೈನ ಬುರ್ಜ್ ಖಲೀಫಾ ಕಟ್ಟಡದ ರಾಫ್ಟ್ 3.7 ಮೀಟರ್ ದಪ್ಪವಿದ್ದು, ಸುಮಾರು 12,500 ಘನಮೀಟರ್ ಕಾಂಕ್ರೀಟನ್ನು ಒಳಗೊಂಡಿದೆ. ಇದನ್ನು ನಾಲ್ಕು ಭಾಗಗಳಾಗಿ ಸುರಿಯಲಾಯಿತು. ಅದಕ್ಕೂ ಮುನ್ನ ರಾಫ್ಟ್‌ನ ದಪ್ಪದಷ್ಟೇ ಅಳತೆಯ ಪರೀಕ್ಷಾ ಘನಗಳನ್ನು ಎರಕಹೊಯ್ದು, ವಿವಿಧ ಆಳಗಳಲ್ಲಿ ಉಷ್ಣತೆಯ ಏರಿಕೆಯನ್ನು ಅಳೆಯಲಾಗಿತ್ತು.