ನಿಷೇಧದಲ್ಲಿ ಮರೆಯಾಗುವ ಕರ್ತೃ: ರೋಗನಿರ್ಣಯದ ವಿಳಂಬವನ್ನು ತಿಳಿಸುವ ಕನ್ನಡ ಪತ್ರದ ವಾಕ್ಯರಚನೆ

ಆಸ್ಪತ್ರೆಯು ತನ್ನ ತಪ್ಪನ್ನು ರೋಗಿಗೆ ಅಥವಾ ಕುಟುಂಬಕ್ಕೆ ಬರೆದು ತಿಳಿಸುವ ಪತ್ರಕ್ಕೆ ಇಂಗ್ಲೆಂಡಿನಲ್ಲಿ ಕಾನೂನಿನ ಆಧಾರವಿದೆ. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ವೈಫಲ್ಯಗಳ ಕುರಿತ ರಾಬರ್ಟ್ ಫ್ರಾನ್ಸಿಸ್ ಅವರ ವರದಿ 2013ರಲ್ಲಿ ಹೊರಬಂದಿತು. ಅದರ ಬೆನ್ನಿಗೆ ಬಂದ 2014ರ ನಿಯಮಾವಳಿಯ 20ನೆಯ ನಿಯಮವು ಮೊದಲು ಎದುರುಬದುರು ಕುಳಿತು ತಿಳಿಸುವುದನ್ನೂ, ಬಳಿಕ ಅದನ್ನೇ ಕ್ಷಮಾಯಾಚನೆಯೊಡನೆ ಬರೆದು ಕೊಡುವುದನ್ನೂ ಕಡ್ಡಾಯಗೊಳಿಸಿತು. ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿದಂತಾಗದು ಎಂಬ ರಕ್ಷಣೆ 2006ರ ಪರಿಹಾರ ಕಾಯ್ದೆಯಲ್ಲಿ ಮೊದಲೇ ಇತ್ತು. ಭಾರತದಲ್ಲಿ ಇಂತಹ ಸಾಮಾನ್ಯ ಕಾಯ್ದೆ ಇಲ್ಲ. ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತ ಮೇಲೆ, ಇಲ್ಲಿ ಇಂತಹ ಪತ್ರ ಬರೆಯಲು ಕುಳಿತವರಿಗೆ ಪ್ರತಿ ವಾಕ್ಯವೂ ಮುಂದೊಮ್ಮೆ ಸಾಕ್ಷ್ಯವಾದೀತೆಂಬ ಅಳುಕು ಇರುವುದು ಸಹಜ. ಆ ಅಳುಕು ಕನ್ನಡ ವಾಕ್ಯದಲ್ಲಿ ಎಲ್ಲಿ ಅಡಗಿಕೊಳ್ಳುತ್ತದೆ ಎಂಬುದು ಈ ಲೇಖನದ ವಿಷಯ.

ಸರಳ ಬರವಣಿಗೆಯ ಇಂಗ್ಲಿಷ್ ಕೈಪಿಡಿಗಳು ಕರ್ಮಣಿ ಪ್ರಯೋಗವನ್ನು ಬಿಟ್ಟು ಕರ್ತರಿಯಲ್ಲಿ ಬರೆಯಿರಿ ಎಂದು ಸಲಹೆ ಮಾಡುತ್ತವೆ. ಆ ಸಲಹೆಯನ್ನು ಹಾಗೆಯೇ ಕನ್ನಡಕ್ಕೆ ತಂದರೆ ಪ್ರಯೋಜನ ಕಡಿಮೆ. ‘ನೋಡಲ್ಪಟ್ಟಿತು’ ಎಂಬ ರೂಪವನ್ನು ಕನ್ನಡಿಗರು ಹೇಗೂ ವಿರಳವಾಗಿ ಬಳಸುತ್ತಾರೆ. ಕರ್ತೃವನ್ನು ಮರೆಮಾಡಲು ನಮ್ಮ ನುಡಿಗೆ ಅದು ಬೇಕಾಗಿಯೂ ಇಲ್ಲ.

ವಿಶ್ಲೇಷಣೆಗಾಗಿ ನಾವು ಒಂದು ಪ್ರಕರಣವನ್ನು ರಚಿಸಿಕೊಂಡಿದ್ದೇವೆ. 58 ವರ್ಷದ ಮಹಿಳೆಯೊಬ್ಬರು ಜ್ವರ ಮತ್ತು ಕೆಮ್ಮಿಗಾಗಿ ಆಸ್ಪತ್ರೆಗೆ ದಾಖಲಾಗಿದ್ದರು. ಮಾರ್ಚ್ 11ರಂದು ಎದೆಯ ಎಕ್ಸ್-ರೇ ಆಯಿತು. ಅಂದು ಸಂಜೆಯೇ ಅವರು ಮನೆಗೆ ಮರಳಿದರು. ಮರುದಿನ ಬಂದ ವರದಿಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಸುಮಾರು 2 ಸೆಂ.ಮೀ. ಅಳತೆಯ ಗಂಟಿನಂತಹ ನೆರಳಿದೆ, ಸಿ.ಟಿ. ಸ್ಕ್ಯಾನ್ ಮಾಡಿಸಬೇಕು ಎಂದಿತ್ತು. ವರದಿ ಕಡತ ಸೇರಿತು. ಅಕ್ಟೋಬರ್ 9ರಂದು ಉಸಿರಾಟದ ತೊಂದರೆಯಿಂದ ಅವರು ಮರಳಿ ಬಂದಾಗ ಗಡ್ಡೆ 4 ಸೆಂ.ಮೀ. ಮೀರಿತ್ತು, ಎದೆಯೊಳಗಿನ ದುಗ್ಧಗ್ರಂಥಿಗಳಿಗೂ ಹರಡಿತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಯಿತು. ತಮಗೆ ಹೇಳಿದ್ದನ್ನೆಲ್ಲ ಮಗಳಿಗೂ ಬರೆದು ತಿಳಿಸಿರೆಂದು ರೋಗಿಯೇ ಕೇಳಿಕೊಂಡಿದ್ದಾರೆ. ಈ ಒಪ್ಪಿಗೆ ಇಲ್ಲದೆ ಕುಟುಂಬಕ್ಕೆ ಬರೆಯುವ ಪ್ರಶ್ನೆಯೇ ಏಳುವುದಿಲ್ಲ.

ಅನುಭವಿ ಆಡಳಿತಗಾರರೊಬ್ಬರು ಸದುದ್ದೇಶದಿಂದಲೇ ಬರೆಯಬಹುದಾದ ಮೊದಲ ಕರಡಿನ ವಾಕ್ಯ ಹೀಗಿರುತ್ತದೆ: ‘ಕಾರಣಾಂತರಗಳಿಂದ ವರದಿಯನ್ನು ಸಕಾಲದಲ್ಲಿ ಪರಿಶೀಲಿಸಲಾಗಲಿಲ್ಲ.’ ‘ಲಾಗು’ ರೂಪವು ಆಡಳಿತ ಕನ್ನಡದ ನಿತ್ಯದ ಸರಕು. ‘ವರದಿಯನ್ನು ಪರಿಶೀಲಿಸಲಾಯಿತು’ ಎಂಬಲ್ಲಿ ಕರ್ಮವು ದ್ವಿತೀಯೆಯಲ್ಲೇ ಉಳಿಯುತ್ತದೆ, ಕರ್ತೃವಿಗೆ ಸ್ಥಾನವೇ ಇರುವುದಿಲ್ಲ. ಇದು ಎಲ್ಲರಿಗೂ ತಿಳಿದ ಸಂಗತಿ. ನಿಷೇಧದಲ್ಲಿ ಅದೇ ರೂಪಕ್ಕೆ ಎರಡನೆಯ ಅರ್ಥವೊಂದು ಸೇರಿಕೊಳ್ಳುತ್ತದೆ. ‘ಪರಿಶೀಲಿಸಲಾಗಲಿಲ್ಲ’ ಎಂದರೆ ಯಾರೂ ಪರಿಶೀಲಿಸಲಿಲ್ಲ ಎಂದೂ ಆದೀತು, ಪರಿಶೀಲಿಸಲು ಸಾಧ್ಯವಾಗಲಿಲ್ಲ ಎಂದೂ ಆದೀತು. ‘ನನಗೆ ನಿನ್ನೆ ಬರಲಾಗಲಿಲ್ಲ’ ಎಂಬ ದಿನನಿತ್ಯದ ಮಾತಿನ ಬಲದಿಂದ ಎರಡನೆಯ ಅರ್ಥವೇ ಓದುಗರ ಮನಸ್ಸಿಗೆ ಮೊದಲು ಬರುತ್ತದೆ. ಪೂರ್ಣಕಾಲದ ‘ಪರಿಶೀಲಿಸಲಾಗಿಲ್ಲ’ ಎಂಬ ರೂಪದಲ್ಲಿ ಈ ಗೊಂದಲ ಬಹುಮಟ್ಟಿಗೆ ಇಲ್ಲ. ಅದು ಕಚೇರಿಯ ಟಿಪ್ಪಣಿಯಂತೆ ಒಣಗಿದ್ದರೂ ಸಾಮರ್ಥ್ಯದ ಮಾತೆತ್ತುವುದಿಲ್ಲ. ‘ಲಾಗಲಿಲ್ಲ’ ಮಾತ್ರ, ಮಾಡದೆ ಬಿಟ್ಟದ್ದನ್ನು ಮಾಡಲಾಗದೆ ಹೋದದ್ದಾಗಿ ಮಾರ್ಪಡಿಸುತ್ತದೆ.

ವಿಳಂಬದ ಪತ್ರದಲ್ಲಿ ಇದು ಸಣ್ಣ ಸಂಗತಿಯಲ್ಲ. ತಪ್ಪು ಅಂಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದ್ದರೆ ಅದನ್ನು ಹೇಳುವ ವಾಕ್ಯ ಸಕಾರಾತ್ಮಕವಾಗಿರುತ್ತದೆ: ಇಂಥವರು ಇಂಥದ್ದನ್ನು ಮಾಡಿದರು. ತಡವಾದ ರೋಗನಿರ್ಣಯದಲ್ಲಿ ತಪ್ಪೆಂಬುದು ಆಗದೆ ಉಳಿದ ಕೆಲಸಗಳ ಸರಣಿ. ವರದಿಯನ್ನು ನೋಡಲಿಲ್ಲ, ಕರೆ ಮಾಡಲಿಲ್ಲ, ಸ್ಕ್ಯಾನ್ ಬರೆದುಕೊಡಲಿಲ್ಲ. ಹೀಗಾಗಿ ಪತ್ರದ ತಿರುಳೆಲ್ಲ ನಿಷೇಧ ವಾಕ್ಯಗಳಲ್ಲೇ ಇರಬೇಕಾಗುತ್ತದೆ. ಕನ್ನಡದ ನಿಷೇಧಕ್ಕೆ ಇನ್ನೊಂದು ಗುಣವೂ ಇದೆ. ‘ನೋಡಿದೆವು’ ಎಂದಾಗ ಕರ್ತೃಪದವನ್ನು ಬಿಟ್ಟರೂ ಆಖ್ಯಾತ ಪ್ರತ್ಯಯವು ‘ನಾವು’ ಎಂದು ಸಾರುತ್ತದೆ. ‘ನೋಡಲಿಲ್ಲ’ ಎಂಬುದಕ್ಕೆ ಪುರುಷವೂ ಇಲ್ಲ, ವಚನವೂ ಇಲ್ಲ. ನಾನು, ನೀವು, ಅವರು ಎಲ್ಲರಿಗೂ ಒಂದೇ ರೂಪ. ಕರ್ತೃಪದವನ್ನು ಬಿಡುವುದು ಕನ್ನಡದ ಸಹಜ ಶೈಲಿಯಾದರೂ, ನಿಷೇಧದಲ್ಲಿ ಹಾಗೆ ಬಿಟ್ಟಾಗ ಹೊಣೆ ಹೊರುವವರ ಗುರುತು ವ್ಯಾಕರಣದಿಂದಲೇ ಅಳಿಸಿಹೋಗುತ್ತದೆ. ‘ನೋಡೆನು’, ‘ನೋಡೆವು’ ಎಂಬ ಹಳೆಯ ನಿಷೇಧ ರೂಪಗಳು ಪುರುಷವನ್ನು ಉಳಿಸಿಕೊಂಡಿದ್ದವು. ಆದರೆ ಅವು ಕಾಲವನ್ನು ಸೂಚಿಸುವುದಿಲ್ಲ, ಇಂದಿನ ಗದ್ಯದಲ್ಲಿ ಅಪರೂಪ. ಮಾರ್ಚ್ ತಿಂಗಳಲ್ಲಿ ನಡೆದದ್ದನ್ನು ಅವುಗಳಿಂದ ಹೇಳಲು ಬಾರದು.

ಆದ್ದರಿಂದ ಕನ್ನಡಕ್ಕೆ ಬೇಕಾದ ಸಲಹೆ ಬೇರೆ: ‘ಲಿಲ್ಲ’ ಎಂದು ಮುಗಿಯುವ ಪ್ರತಿ ವಾಕ್ಯದಲ್ಲೂ ಕರ್ತೃವನ್ನು ಪ್ರಥಮಾ ವಿಭಕ್ತಿಯಲ್ಲಿ ಬರೆಯಬೇಕು. ಪರೀಕ್ಷಿಸುವುದೂ ಸುಲಭ. ಕರಡಿನ ಪ್ರತಿ ನಿಷೇಧಕ್ಕೂ ‘ಯಾರು?’ ಎಂದು ಕೇಳಿ, ಉತ್ತರ ಅದೇ ವಾಕ್ಯದಲ್ಲಿ ಸಿಗದಿದ್ದರೆ ಅದನ್ನು ತಿದ್ದಬೇಕು. ‘ವರದಿ ಗಮನಕ್ಕೆ ಬರಲಿಲ್ಲ’ ಎಂಬ ವಾಕ್ಯ ಇಲ್ಲಿ ಸೋಲುತ್ತದೆ. ಬರದೆ ಹೋದದ್ದು ವರದಿಯ ತಪ್ಪೆಂಬಂತೆ ಅದು ನಿಂತಿದೆ. ‘ವರದಿ ಕಡತದಲ್ಲೇ ಉಳಿದುಬಿಟ್ಟಿತು’ ಎಂಬಲ್ಲಿನ ‘ಬಿಡು’ ಇನ್ನೂ ನಯವಾದ ಜಾಣತನ. ಆದದ್ದು ಆಗಿಹೋಯಿತು ಎಂಬ ಭಾವವನ್ನು ಅದು ತರುತ್ತದೆ, ನೊಂದವರಿಂದಲೇ ಅನುಕಂಪ ಬಯಸುತ್ತದೆ.

ನಿಜವಾದ ಅಸಾಮರ್ಥ್ಯವನ್ನು ಹೇಳಬೇಕಾದ ಒಂದು ಸ್ಥಳವೂ ಪತ್ರದಲ್ಲಿದೆ. ಮಾರ್ಚ್‌ನಲ್ಲೇ ಪತ್ತೆಯಾಗಿದ್ದರೆ ಏನಾಗುತ್ತಿತ್ತು? ಆಗ ಸಿ.ಟಿ. ಆಗಿಲ್ಲದ ಕಾರಣ ಅಂದಿನ ಹಂತವನ್ನು ಯಾರೂ ನಿಖರವಾಗಿ ತಿಳಿಯಲಾರರು. ಇಲ್ಲಿ ‘ಹೇಳಲಾರೆವು’ ಎಂಬ ರೂಪ ನೆರವಿಗೆ ಬರುತ್ತದೆ. ಅದು ಅಸಾಮರ್ಥ್ಯವನ್ನೂ ಅದು ಯಾರದೆಂಬುದನ್ನೂ ಒಂದೇ ಪದದಲ್ಲಿ ಹೇಳುತ್ತದೆ.

ಕ್ಷಮೆಯ ವಾಕ್ಯದಲ್ಲಿ ಸಮಸ್ಯೆ ಬೇರೆ ಬಗೆಯದು. 20ನೆಯ ನಿಯಮವು ಕ್ಷಮಾಯಾಚನೆಯನ್ನು ದುಃಖ ಅಥವಾ ವಿಷಾದದ ಅಭಿವ್ಯಕ್ತಿ ಎಂದು ವ್ಯಾಖ್ಯಾನಿಸುತ್ತದೆ. ಇಂಗ್ಲಿಷಿನ ‘ಸಾರಿ’ ಎಂಬ ಒಂದೇ ಪದ ಮರುಕವನ್ನೂ ತಪ್ಪೊಪ್ಪಿಗೆಯನ್ನೂ ಹೊರಬಲ್ಲುದಾದ್ದರಿಂದ ಆ ವ್ಯಾಖ್ಯೆ ಅಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಈ ಎರಡು ಹೊರೆಗಳಿಗೆ ಎರಡು ಪದಗಳಿವೆ. ‘ವಿಷಾದಿಸುತ್ತೇವೆ’ ಎಂದು ರೈಲು ತಡವಾದಾಗಲೂ ಹೇಳುತ್ತಾರೆ. ಅದರಲ್ಲಿ ತಪ್ಪಿನ ಸುಳಿವಿಲ್ಲ. ‘ಕ್ಷಮೆ ಕೋರುತ್ತೇವೆ’ ಎಂಬುದರಲ್ಲಿ ತಪ್ಪಿದೆ, ಆದರೆ ರೂಪದಲ್ಲಿ ಅದೊಂದು ಬೇಡಿಕೆ. ಕ್ಷಮಿಸುವ ಕೆಲಸ ಓದುವವರ ಪಾಲಿಗೆ ಬೀಳುತ್ತದೆ. ಆಗಷ್ಟೇ ಸುದ್ದಿ ಕೇಳಿದ ಮಗಳಿಂದ ಆಸ್ಪತ್ರೆಯು ಮೊದಲ ವಾಕ್ಯದಲ್ಲೇ ಏನನ್ನಾದರೂ ಬೇಡುವುದು ಉಚಿತವೇ?

‘ನಮ್ಮಿಂದ ತಪ್ಪಾಗಿದೆ’ ಎಂಬುದನ್ನು ಅಕರ್ಮಕವೆಂಬ ಕಾರಣಕ್ಕೆ ನುಣುಚಿಕೊಳ್ಳುವ ಮಾತೆಂದು ತಳ್ಳಿಹಾಕುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ತೃತೀಯೆಯ ‘ಇಂದ’ ಇಲ್ಲಿ ಕಾರಣಕರ್ತನನ್ನು ಸ್ಪಷ್ಟವಾಗಿ ತೋರಿಸುತ್ತದೆ, ಬೇಕೆಂದು ಮಾಡಿದ್ದಲ್ಲ ಎಂಬುದನ್ನೂ ತಿಳಿಸುತ್ತದೆ. ವರದಿಯನ್ನು ನೋಡದೆ ಬಿಟ್ಟ ವೈದ್ಯರ ವಿಷಯದಲ್ಲಿ ಎರಡೂ ನಿಜ. ಬರಿಯ ‘ತಪ್ಪಾಗಿದೆ’ ಎಂದರೆ ಸಾಲದು. ‘ನಮ್ಮಿಂದ’ ಇರಬೇಕು, ಏನು ತಪ್ಪಾಯಿತೆಂಬುದೂ ಹಿಂದಿನ ವಾಕ್ಯಗಳಲ್ಲಿ ಬಂದಿರಬೇಕು. ಹಾಗಿದ್ದಾಗ ಕ್ಷಮೆಯ ಬೇಡಿಕೆ ವಿವರಣೆಯ ನಂತರ ತನ್ನ ಜಾಗದಲ್ಲಿ ಬರುತ್ತದೆ.

ಮುಂದಿನ ಕ್ರಮಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬುದನ್ನು ಕನ್ನಡಿಗರು ಎಷ್ಟು ನಂಬುತ್ತಾರೆಂದು ಎಲ್ಲರಿಗೂ ಗೊತ್ತು. ‘ಮಾಡುತ್ತೇವೆ’ ಎಂಬ ರೂಪ ರೂಢಿಗೂ ಭವಿಷ್ಯಕ್ಕೂ ಸಲ್ಲುವುದರಿಂದ ಅದರ ಜೊತೆ ದಿನಾಂಕವಿದ್ದರೆ ಮಾತ್ರ ವಾಗ್ದಾನವಾಗುತ್ತದೆ. ಈ ನೆಲೆಗಳಲ್ಲಿ ತಿದ್ದಿದ ಪತ್ರ ಹೀಗಿದೆ:

‘ಮಾನ್ಯರೇ, ನಿಮ್ಮ ತಾಯಿಯವರ ಒಪ್ಪಿಗೆಯಿಂದ ಈ ಪತ್ರ ಬರೆಯುತ್ತಿದ್ದೇವೆ. ಅವರ ಕಾಯಿಲೆಯನ್ನು ನಾವು ಮಾರ್ಚ್‌ನಲ್ಲೇ ಗುರುತಿಸುವ ಅವಕಾಶವಿತ್ತು. ನಾವು ಗುರುತಿಸಲಿಲ್ಲ.

ಮಾರ್ಚ್ 12ರಂದು ನಮ್ಮ ಎಕ್ಸ್-ರೇ ವಿಭಾಗದ ವೈದ್ಯರು ಬಲ ಶ್ವಾಸಕೋಶದಲ್ಲಿ ಗಂಟಿನಂತಹ ನೆರಳಿದೆಯೆಂದೂ ಸಿ.ಟಿ. ಸ್ಕ್ಯಾನ್ ಬೇಕೆಂದೂ ಬರೆದರು. ಅಷ್ಟರಲ್ಲಿ ನಾವು ನಿಮ್ಮ ತಾಯಿಯವರನ್ನು ಮನೆಗೆ ಕಳುಹಿಸಿದ್ದೆವು. ವಾರ್ಡಿನ ಸಿಬ್ಬಂದಿ ವರದಿಯನ್ನು ಕಡತಕ್ಕೆ ಸೇರಿಸಿದರು. ಚಿಕಿತ್ಸೆ ನೀಡಿದ ವೈದ್ಯರು ಅದನ್ನು ನೋಡಲಿಲ್ಲ. ನಮ್ಮಲ್ಲಿ ಯಾರೂ ನಿಮಗೆ ಕರೆ ಮಾಡಲಿಲ್ಲ. ವೈದ್ಯರು ಅದನ್ನು ನೋಡಬೇಕಿತ್ತು, ನಾವು ನಿಮಗೆ ತಿಳಿಸಬೇಕಿತ್ತು. ನಮ್ಮಿಂದ ತಪ್ಪಾಗಿದೆ. ಇದರಿಂದ ಚಿಕಿತ್ಸೆ ಸುಮಾರು 7 ತಿಂಗಳು ತಡವಾಯಿತು. ಈ ಅವಧಿಯಲ್ಲಿ ಗಡ್ಡೆ ಬೆಳೆದಿದೆ. ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ ಸಾಧ್ಯವಿತ್ತೇ ಎಂಬುದನ್ನು ನಾವು ಖಚಿತವಾಗಿ ಹೇಳಲಾರೆವು, ಸಾಧ್ಯವಿದ್ದಿರಬಹುದು. ನಿಮ್ಮ ತಾಯಿಯವರ ಮತ್ತು ನಿಮ್ಮ ಕ್ಷಮೆ ಕೋರುತ್ತೇವೆ.

ಅಕ್ಟೋಬರ್ 25ರೊಳಗೆ ಬೇರೆ ಆಸ್ಪತ್ರೆಯ ತಜ್ಞರೊಬ್ಬರಿಂದ ಎರಡೂ ಬಾರಿಯ ಚಿತ್ರಗಳನ್ನು ಮರುಪರಿಶೀಲನೆ ಮಾಡಿಸುತ್ತೇವೆ, ಅದರ ವೆಚ್ಚವನ್ನು ನಾವೇ ಕೊಡುತ್ತೇವೆ. ಅವರ ಅಭಿಪ್ರಾಯವನ್ನು ಬಂದ ದಿನವೇ ನಿಮಗೆ ಕಳುಹಿಸುತ್ತೇವೆ. ನೀವು ಕೇಳಿದ 72 ಗಂಟೆಗಳೊಳಗೆ ಎಲ್ಲ ದಾಖಲೆಗಳ ಪ್ರತಿ ಕೊಡುತ್ತೇವೆ. ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಕೆಳಗೆ ಸಹಿ ಮಾಡಿದ ವೈದ್ಯರು ನಿಮ್ಮನ್ನು ಅಕ್ಟೋಬರ್ 28ರಂದು ಭೇಟಿ ಮಾಡುತ್ತಾರೆ.’

72 ಗಂಟೆಗಳ ಮಾತು ಔದಾರ್ಯವಲ್ಲ. ಕೇಳಿದವರಿಗೆ ಅಷ್ಟರೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡಾವಳಿ ನಿಯಮಗಳೇ ಹೇಳುತ್ತವೆ.

ಪತ್ರದಲ್ಲಿ ‘ತಾವು’ ಬಿಟ್ಟು ‘ನೀವು’ ಬಳಸಿದ್ದು ಕೆಲವರಿಗೆ ಗೌರವದ ಕೊರತೆಯೆಂದು ತೋರಬಹುದು. ನಮ್ಮ ಕಾರಣ ಇಷ್ಟೆ: ‘ತಾವು’ ಆತ್ಮಾರ್ಥಕವೂ ಹೌದು. ‘ವೈದ್ಯರು ತಾವು ವರದಿಯನ್ನು ನೋಡಲಿಲ್ಲವೆಂದು ಹೇಳಿದ್ದಾರೆ’ ಎಂಬ ವಾಕ್ಯದಲ್ಲಿ ನೋಡದಿದ್ದವರು ವೈದ್ಯರೋ ಮಗಳೋ ಎಂಬುದನ್ನು ‘ಲಿಲ್ಲ’ ತಿಳಿಸುವುದಿಲ್ಲ.