ಲೆವೆಲ್ 1ರಲ್ಲೇ ಓಡಿಸಿದ್ರೂ ಬ್ಯಾಟರಿ ಖಾಲಿ! ನಿಮ್ಮ ಇ-ಸೈಕಲ್‌ನ ಗುಟ್ಟು ಸೆನ್ಸರ್‌ನಲ್ಲಿದೆ

‘ಅಂಗಡಿಯಲ್ಲಿ ಒಂದು ಚಾರ್ಜ್‌ಗೆ 50 ಕಿಲೋಮೀಟರ್ ಅಂದ್ರು, ನಂಗೆ 30 ದಾಟೋದೇ ಕಷ್ಟ.’ ಆಫೀಸಿಗೆ ಇ-ಸೈಕಲ್‌ನಲ್ಲಿ ಹೋಗುವವರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಇದು. ಅದಕ್ಕೆ ಸಿಗುವ ಸಲಹೆಯೂ ಒಂದೇ: ‘ಪೆಡಲ್ ಅಸಿಸ್ಟ್ ಕಮ್ಮಿ ಮಾಡಿ.’ ಸಲಹೆ ತಪ್ಪಲ್ಲ. ಆದರೆ ಕೆಲವು ಸೈಕಲ್‌ಗಳಲ್ಲಿ ಏರು ರಸ್ತೆ ಸಿಕ್ಕಾಗ ಲೆವೆಲ್ 1ಕ್ಕೂ 5ಕ್ಕೂ ಬ್ಯಾಟರಿ ಖರ್ಚಿನಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ, ನೀವು ಪೆಡಲ್ ತುಳಿಯುತ್ತಿದ್ದೀರಿ ಅನ್ನೋದು ಮೋಟಾರಿಗೆ ಹೇಗೆ ಗೊತ್ತಾಗುತ್ತೆ ಅನ್ನೋದನ್ನು ಮೊದಲು ನೋಡಬೇಕು.

ತಿರುಗಿದೆಯಾ? ಒತ್ತಿದ್ದಾರಾ?

ನಮ್ಮಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಇ-ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಕೇಡೆನ್ಸ್ ಸೆನ್ಸರ್. ಪೆಡಲ್‌ನ ಅಚ್ಚಿನ ಪಕ್ಕದಲ್ಲಿ ಸಣ್ಣ ಅಯಸ್ಕಾಂತಗಳಿರುವ ಒಂದು ಬಳೆ, ಅದರೆದುರು ಪುಟ್ಟದೊಂದು ಸೆನ್ಸರ್. ಬಳೆ ತಿರುಗಿದರೆ ‘ತುಳಿಯುತ್ತಿದ್ದಾರೆ’ ಎಂಬ ಸುದ್ದಿ ಕಂಟ್ರೋಲರ್‌ಗೆ ಹೋಗುತ್ತದೆ. ಎಷ್ಟು ಬಲವಾಗಿ ಒತ್ತುತ್ತಿದ್ದೀರಿ ಅನ್ನೋದು ಅದಕ್ಕೆ ಗೊತ್ತಿಲ್ಲ. ಬೆವರು ಸುರಿಸಿ ತುಳಿದರೂ ಒಂದೇ, ಸುಮ್ಮನೆ ಕಾಲು ಆಡಿಸಿದರೂ ಒಂದೇ.

ಟಾರ್ಕ್ ಸೆನ್ಸರ್ ಹಾಗಲ್ಲ. ಪೆಡಲ್ ಒತ್ತಿದಾಗ ಅಚ್ಚಿನ ಮೇಲೆ ಬೀಳುವ ಬಲವನ್ನು ಅದು ಅಳೆಯುತ್ತದೆ. ಇಲ್ಲಿ ಲೆವೆಲ್ ಅಂದರೆ ನಿಮ್ಮ ಶ್ರಮಕ್ಕೆ ಮೋಟಾರ್ ಎಷ್ಟು ಪಟ್ಟು ಸೇರಿಸಬೇಕು ಎಂಬ ಲೆಕ್ಕ. ನೀವು ಹಗುರವಾಗಿ ತುಳಿದರೆ ಮೋಟಾರೂ ಹಗುರ. ಹಾಗಾಗಿ ನಿಮಗೆ ಗೊತ್ತಿಲ್ಲದೆಯೇ ಬ್ಯಾಟರಿ ಉಳಿಯುತ್ತದೆ.

ನಿಮ್ಮದು ಯಾವುದು ಅಂತ ತಿಳಿಯೋದು ಸುಲಭ. ಮೋಟಾರ್ ಹಿಂದಿನ ಚಕ್ರದಲ್ಲಿದ್ದರೆ ಯಾರಾದರೂ ಆ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯಲಿ. ಲೆವೆಲ್ 1ರಲ್ಲಿಟ್ಟು ಕೈಯಿಂದ ಪೆಡಲ್ ಮೆಲ್ಲಗೆ ತಿರುಗಿಸಿ. ಚಕ್ರ ಒಮ್ಮೆಗೇ ‘ಗುರ್ರ್’ ಅಂತ ತಾನಾಗಿ ಓಡಿದರೆ ಕೇಡೆನ್ಸ್. ಮೋಟಾರ್ ಹೆಚ್ಚೇನೂ ಸ್ಪಂದಿಸದಿದ್ದರೆ ಬಹುಶಃ ಟಾರ್ಕ್. ಬೆರಳು ಚಕ್ರದಿಂದ ದೂರವಿರಲಿ.

ಏರಿನಲ್ಲಿ ಆಗುವ ಮೋಸ

ಕೇಡೆನ್ಸ್ ಸೈಕಲ್‌ಗಳಲ್ಲೂ ಎರಡು ಬಗೆ. ಕೆಲವದರಲ್ಲಿ ಲೆವೆಲ್ ಅಂದರೆ ಕರೆಂಟಿನ ಮಿತಿ. ಲೆವೆಲ್ 1ರಲ್ಲಿ ಮೋಟಾರಿಗೆ ಹೋಗೋದೇ ಸ್ವಲ್ಪ. ಇನ್ನು ಕೆಲವದರಲ್ಲಿ ಲೆವೆಲ್ ಅಂದರೆ ವೇಗದ ಮಿತಿ. ಉದಾಹರಣೆಗೆ ಲೆವೆಲ್ 1ಕ್ಕೆ 12 ಕಿ.ಮೀ. ಅಂತ ಇದ್ದರೆ, ಆ ವೇಗ ಬರುವವರೆಗೂ ಮೋಟಾರ್ ತನ್ನ ಪೂರ್ತಿ ಶಕ್ತಿ ಹಾಕುತ್ತದೆ.

ಸಮತಟ್ಟು ರಸ್ತೆಯಲ್ಲಿ ಇದರಿಂದ ತೊಂದರೆಯಿಲ್ಲ, ವೇಗ ಬೇಗ ಬಂದುಬಿಡುತ್ತೆ. ಫ್ಲೈಓವರ್ ಏರುವಾಗ ಮಾತ್ರ ವೇಗ 12 ಮುಟ್ಟುವುದೇ ಇಲ್ಲ. ನೀವು ‘ಲೆವೆಲ್ 1ರಲ್ಲಿದ್ದೀನಿ, ಉಳಿತಾಯ ಆಗ್ತಿದೆ’ ಅಂದುಕೊಂಡಿರುತ್ತೀರಿ. ಮೋಟಾರ್ ಮಾತ್ರ ಲೆವೆಲ್ 5ರಷ್ಟೇ ಕರೆಂಟ್ ಎಳೆಯುತ್ತಿರುತ್ತದೆ. ಚಕ್ರದೊಳಗಿನ ಮೋಟಾರ್ ತೀರಾ ನಿಧಾನವಾಗಿ ತಿರುಗುವಾಗ ಆ ಕರೆಂಟಿನ ದೊಡ್ಡ ಪಾಲು ಬರೀ ಬಿಸಿಯಾಗಿ ಹೋಗುತ್ತದೆ.

ಇದನ್ನು ಪತ್ತೆ ಮಾಡಲು ಖಾಲಿ, ಸಮತಟ್ಟು ರಸ್ತೆ ಸಾಕು. ಲೆವೆಲ್ 1ರಲ್ಲಿ ಹೊರಡಿ. ಮೊದಲು ಜೋರಾಗಿ ತಳ್ಳಿ, ಒಂದು ನಿರ್ದಿಷ್ಟ ವೇಗ ಬಂದ ಕೂಡಲೇ ಮೋಟಾರ್ ಕೈಬಿಟ್ಟರೆ ನಿಮ್ಮದು ವೇಗದ ಮಿತಿಯದು. ಶುರುವಿನಿಂದಲೇ ಮೆತ್ತಗೆ ತಳ್ಳುತ್ತಾ ನಿಧಾನಕ್ಕೆ ವೇಗ ಏರಿಸಿದರೆ ಕರೆಂಟಿನ ಮಿತಿಯದು.

ವೇಗದ ಮಿತಿಯ ಸೈಕಲ್ ಇದ್ದವರು ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ವೇಗ ಕುಸಿಯದಂತೆ ತಾವೂ ತುಳಿಯಬೇಕು. ಆಗ ಮೋಟಾರ್ ಕಡಿಮೆ ಹೊತ್ತು ಒದ್ದಾಡುತ್ತದೆ.

20 ಕಿಲೋಮೀಟರ್‌ನ ಲೆಕ್ಕ

36 ವೋಲ್ಟ್, 7.5 ಆಂಪಿಯರ್-ಅವರ್ ಬ್ಯಾಟರಿ ಅಂದುಕೊಳ್ಳಿ. ಗುಣಿಸಿದರೆ 270 ವ್ಯಾಟ್-ಅವರ್. ಕೊನೆಯ ಹನಿವರೆಗೂ ಬಳಸಲು ಆಗದ ಕಾರಣ 240 ಅಂತ ಹಿಡಿಯೋಣ. ಬನಶಂಕರಿಯಿಂದ ಎಂ.ಜಿ. ರಸ್ತೆಯ ಕಡೆಗೆ ಸುಮಾರು 10 ಕಿ.ಮೀ. ದೂರದ ಆಫೀಸು, ಹೋಗಿ ಬರಲು 20.

ಲೆವೆಲ್ 5ರಲ್ಲಿ ಕಾಲು ಬರೀ ಆಡಿಸುತ್ತಾ 25 ಕಿ.ಮೀ. ವೇಗದಲ್ಲಿ ಹೋದರೆ ಮೋಟಾರ್ ಸಮತಟ್ಟಿನಲ್ಲೂ ಅಂದಾಜು 200 ವ್ಯಾಟ್ ಎಳೆಯುತ್ತದೆ. ಅಂದರೆ ಕಿಲೋಮೀಟರ್‌ಗೆ 8 ವ್ಯಾಟ್-ಅವರ್, ಒಟ್ಟು 30 ಕಿ.ಮೀ. ಮೊದಲ ದಿನ ಆರಾಮ. ಎರಡನೇ ದಿನ ಆಫೀಸು ಮುಟ್ಟುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ. ಸಂಜೆ 20 ಕಿಲೋಗೂ ಮೀರಿದ ಭಾರದ ಸೈಕಲನ್ನು ಬರೀ ಕಾಲಿನಿಂದಲೇ ತುಳಿದು ಮನೆ ಸೇರಬೇಕು.

ಅದೇ 18 ಕಿ.ಮೀ. ವೇಗದಲ್ಲಿ, ನೀವೂ ಸ್ವಲ್ಪ ಒತ್ತಿ ತುಳಿದರೆ ಮೋಟಾರಿಗೆ 80 ವ್ಯಾಟ್ ಸಾಕು. ಕಿಲೋಮೀಟರ್‌ಗೆ 4.5 ವ್ಯಾಟ್-ಅವರ್‌ಗಿಂತ ಕಡಿಮೆ, ಒಟ್ಟು 50ಕ್ಕೂ ಹೆಚ್ಚು. ಎರಡು ದಿನದ ಓಡಾಟ ಮುಗಿದರೂ ಇನ್ನಷ್ಟು ಉಳಿಯುತ್ತದೆ. ಕಾರಣ ಗಾಳಿ: ವೇಗ ಏರಿದಷ್ಟೂ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಅದಕ್ಕಿಂತ ಎಷ್ಟೋ ಜೋರಾಗಿ ಏರುತ್ತದೆ. ಇದಕ್ಕೆ ಕೊಡುವ ಬೆಲೆ 10 ಕಿಲೋಮೀಟರ್‌ಗೆ 9 ನಿಮಿಷ, ಸಿಗ್ನಲ್‌ಗಳ ನಡುವೆ ಅದೂ ಕಡಿಮೆಯಾಗುತ್ತೆ. ಏರು, ನಿಂತು ಹೊರಡುವುದು, ಗಾಳಿ ಕಡಿಮೆಯಾದ ಟೈರು, ಇವೆಲ್ಲ ಸೇರಿದರೆ ಎರಡೂ ಲೆಕ್ಕ ಒಂದಿಷ್ಟು ಇಳಿಯುತ್ತವೆ.

ಡಿಸ್‌ಪ್ಲೇನಲ್ಲಿ ಏನು ಬದಲಿಸಬೇಕು?

ಇಲ್ಲಿ ಹಲವು ಸೈಕಲ್‌ಗಳಲ್ಲಿ ಕಾಣುವ S866 ಡಿಸ್‌ಪ್ಲೇಯನ್ನೇ ತೆಗೆದುಕೊಳ್ಳೋಣ. ಆನ್ ಮಾಡಿ ಮೇಲಿನ, ಕೆಳಗಿನ ಬಟನ್ ಎರಡನ್ನೂ ಒಟ್ಟಿಗೆ ಒಂದೆರಡು ಸೆಕೆಂಡ್ ಒತ್ತಿ ಹಿಡಿದರೆ P01ರಿಂದ ಸೆಟ್ಟಿಂಗ್‌ಗಳು ತೆರೆದುಕೊಳ್ಳುತ್ತವೆ. ಬೇರೆ ಡಿಸ್‌ಪ್ಲೇಗಳಲ್ಲಿ ಇದೇ ನಂಬರಿಗೆ ಬೇರೆ ಅರ್ಥ ಇರಬಹುದು, ಆದ್ದರಿಂದ ಮ್ಯಾನುಯಲ್ ಪಕ್ಕದಲ್ಲಿರಲಿ. ಏನನ್ನೂ ಬದಲಿಸುವ ಮುನ್ನ ಪ್ರತಿ ಸೆಟ್ಟಿಂಗ್‌ನ ಫೋಟೋ ತೆಗೆದಿಡಿ.

ಮೊದಲು P06, ಅಂದರೆ ಚಕ್ರದ ಅಳತೆ. ಇದು ತಪ್ಪಿದ್ದರೆ ವೇಗವೂ ತಪ್ಪು, ದೂರವೂ ತಪ್ಪು, ನಿಮ್ಮ ರೇಂಜ್ ಲೆಕ್ಕವೂ ತಪ್ಪು. ಫೋನಿನ ಜಿಪಿಎಸ್ ಜೊತೆ ಒಮ್ಮೆ ಹೋಲಿಸಿ ನೋಡಿ.

ಆಮೇಲೆ P08, ವೇಗದ ಮಿತಿ. ಇದನ್ನು 18 ಅಥವಾ 20ಕ್ಕೆ ಇಟ್ಟರೆ ಯಾವ ಲೆವೆಲ್‌ನಲ್ಲಿದ್ದರೂ ಮೋಟಾರ್ ಅದರಾಚೆ ತಳ್ಳುವುದಿಲ್ಲ. ಸಮತಟ್ಟಿನಲ್ಲಿ ಅತಿ ಹೆಚ್ಚು ಉಳಿಸುವ ಸೆಟ್ಟಿಂಗ್ ಇದೇ. ಇದನ್ನು 25ರ ಮೇಲಕ್ಕೆ ಮಾತ್ರ ಏರಿಸಬೇಡಿ. ಲೈಸೆನ್ಸ್, ನೋಂದಣಿ ಬೇಡ ಎಂಬ ವಿನಾಯಿತಿ 25 ಕಿ.ಮೀ. ಒಳಗಿನ ಸೈಕಲ್‌ಗಳಿಗೆ ಇರುವಂಥದ್ದು.

ಏರಿನ ಖರ್ಚಿಗೆ ಮದ್ದು P14, ಕರೆಂಟಿನ ಮಿತಿ. ಇದು 12 ಆಂಪಿಯರ್ ಇದ್ದರೆ 36 ವೋಲ್ಟ್‌ನಲ್ಲಿ ಬ್ಯಾಟರಿಯಿಂದ 432 ವ್ಯಾಟ್‌ವರೆಗೂ ಹೋಗಬಹುದು. 8ಕ್ಕೆ ಇಳಿಸಿದರೆ 288ಕ್ಕೆ ನಿಲ್ಲುತ್ತದೆ. ಏರಿನಲ್ಲಿ ನಿಮ್ಮ ಕಾಲಿಗೆ ಕೆಲಸ ಜಾಸ್ತಿ, ಅದಕ್ಕೆ ಒಂದೊಂದೇ ಆಂಪಿಯರ್ ಇಳಿಸಿ ನೋಡಿ. ಇಳಿಸಿದರೂ ಏರಿನ ಎಳೆತ ಬದಲಾಗದಿದ್ದರೆ ನಿಮ್ಮ ಕಂಟ್ರೋಲರ್ ಈ ಸೆಟ್ಟಿಂಗನ್ನು ಲೆಕ್ಕಕ್ಕೆ ತಗೊಳ್ತಿಲ್ಲ ಅಂತ ಅರ್ಥ.

ಮುಟ್ಟಬಾರದ್ದು P15. ವೋಲ್ಟೇಜ್ ಎಷ್ಟಕ್ಕೆ ಇಳಿದಾಗ ಮೋಟಾರ್ ನಿಲ್ಲಬೇಕು ಎಂಬುದು ಇದರಲ್ಲಿದೆ. ಇದನ್ನು ತಗ್ಗಿಸಿದರೆ ಒಂದೆರಡು ಕಿಲೋಮೀಟರ್ ಜಾಸ್ತಿ ಸಿಕ್ಕೀತು, ಆದರೆ ಸೆಲ್‌ಗಳು ಹಾಳಾಗಿ ಮುಂದೆ ರೇಂಜ್ ಇನ್ನೂ ಕುಸಿಯುತ್ತದೆ.

ಇನ್ನೊಂದು ಮಾತು: ಏರಿನಲ್ಲಿ ಎರಡು ಗೆರೆ ಕಳೆದುಕೊಂಡ ಬ್ಯಾಟರಿ ಚಿಹ್ನೆ ಇಳಿಜಾರಿನಲ್ಲಿ ಮತ್ತೆ ತುಂಬಿಕೊಂಡರೆ ಚಾರ್ಜ್ ಆಯಿತು ಅಂದುಕೊಳ್ಳಬೇಡಿ. ಭಾರ ಬಿದ್ದಾಗ ವೋಲ್ಟೇಜ್ ಕುಗ್ಗಿ, ಭಾರ ಇಳಿದಾಗ ಮೇಲೇಳುತ್ತದೆ, ಅಷ್ಟೇ. ಸಮತಟ್ಟಿನಲ್ಲಿ, ಪೆಡಲ್ ನಿಲ್ಲಿಸಿ ಒಂದು ನಿಮಿಷ ಕಳೆದ ಮೇಲೆ ಕಾಣುವ ಗೆರೆಗಳನ್ನು ನಂಬಿ.