ಪಾಠಯೋಜನೆ: ಮಸ್ಕಿಯ ಬಂಡೆಯ ಮುಂದೆ ಮೂರು ತಪ್ಪು ಕಲ್ಪನೆಗಳು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ ಸಿಗುತ್ತದೆ. ಈ ಮೂರೂ ತಾಲ್ಲೂಕುಗಳ ಶಾಲೆಗಳಿಗೆ ಇಂಟರ್ನ್‌ಶಿಪ್‌ಗೆ ಹೋಗುವ ಬಿ.ಇಡಿ. ಪ್ರಶಿಕ್ಷಣಾರ್ಥಿಗೆ ಎಂಟನೇ ತರಗತಿಯ ಮೌರ್ಯರ ಪಾಠ ಬಂದರೆ ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಅಶೋಕನ ಹೆಸರನ್ನೇ ಹೊತ್ತ ಶಾಸನ ಪಕ್ಕದಲ್ಲೇ ಇದೆ. ಆದರೂ ಬಹಳಷ್ಟು ಪಾಠಯೋಜನೆಗಳಲ್ಲಿ ಅದು ಒಂದು ಸಾಲಿನ ಮಾಹಿತಿಯಾಗಿ ಮುಗಿದುಹೋಗುತ್ತದೆ. ಯೋಜನೆ ಬರೆಯುವ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳೇ ಇದಕ್ಕೆ ಕಾರಣ.

ತಪ್ಪು ಕಲ್ಪನೆ: ಉದ್ದೇಶಗಳು ಹೆಚ್ಚಿದ್ದಷ್ಟೂ ಯೋಜನೆ ಗಟ್ಟಿ.

ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂದು ನಾಲ್ಕು ತಲೆಬರಹ ಹಾಕಿ, ಪ್ರತಿಯೊಂದರ ಕೆಳಗೂ ಎರಡು ಮೂರು ಸಾಲು ತುಂಬಿಸುವುದು ರೂಢಿ. ನಲವತ್ತು ನಿಮಿಷದಲ್ಲಿ ಅವುಗಳಲ್ಲಿ ಒಂದೋ ಎರಡೋ ಮಾತ್ರ ನಿಜವಾಗಿ ಈಡೇರುತ್ತವೆ. ‘ವಿದ್ಯಾರ್ಥಿಗಳು ಅಶೋಕನ ಬಗ್ಗೆ ತಿಳಿದುಕೊಳ್ಳುವರು’ ಎಂಬ ಸಾಲಿನಲ್ಲಿ ಇನ್ನೊಂದು ತೊಡಕಿದೆ. ತಿಳಿದುಕೊಂಡರೋ ಇಲ್ಲವೋ ಎಂಬುದನ್ನು ಯಾರೂ ಕಣ್ಣಾರೆ ಕಾಣಲಾರರು. ಮಗು ಏನು ಮಾಡಿ ತೋರಿಸುತ್ತದೆ ಎಂಬುದನ್ನು ಉದ್ದೇಶ ಹೇಳಬೇಕು. ನಮ್ಮ ಪಾಠಕ್ಕೆ ಅದನ್ನು ಹೀಗೆ ಬರೆಯಬಹುದು: ‘ಕೊಟ್ಟ ಆಧಾರಗಳನ್ನು ಓದಿ, ಪ್ರಿಯದರ್ಶಿಯೂ ಅಶೋಕನೂ ಒಬ್ಬನೇ ಎನ್ನಲು ಯಾವ ಆಧಾರ ಹೇಗೆ ನೆರವಾಗುತ್ತದೆ ಎಂದು ಕಾರಣ ಸಹಿತ ಎರಡು ವಾಕ್ಯದಲ್ಲಿ ಬರೆಯುವರು.’ ಒಂದು ಪೀರಿಯಡ್‌ಗೆ ಇಷ್ಟು ಸಾಕು.

ತಪ್ಪು ಕಲ್ಪನೆ: ಚಾರ್ಟ್ ತೂಗುಹಾಕಿ ಗುಂಪು ಮಾಡಿದರೆ ಚಟುವಟಿಕೆ ಆಯಿತು.

ಗುಂಪಿನಲ್ಲಿ ಕೂತು ಮಕ್ಕಳು ಶಾಸನದ ಚಿತ್ರಕ್ಕೆ ಬಣ್ಣ ತುಂಬಿದರೆ ಖುಷಿಪಡುತ್ತಾರೆ, ನಿಜ. ಮೇಲಿನ ಉದ್ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಉದ್ದೇಶದಲ್ಲಿ ಯಾವ ಕ್ರಿಯೆ ಇದೆಯೋ ಅದನ್ನೇ ಮಕ್ಕಳು ಚಟುವಟಿಕೆಯಲ್ಲಿ ಮಾಡಬೇಕು. ಇಲ್ಲಿಯ ಕ್ರಿಯೆ ಆಧಾರಗಳನ್ನು ಹೋಲಿಸುವುದು. ಅದಕ್ಕೆ ಮೂರು ಚೀಟಿ ಸಾಕು.

ಮೊದಲನೆಯದರಲ್ಲಿ, 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕ ರಾಜನ ಹೆಸರು ‘ದೇವಾನಾಂಪಿಯ ಪಿಯದಸಿ’ ಎಂದು ಇರಲಿ. ಎರಡನೆಯದರಲ್ಲಿ, ಶ್ರೀಲಂಕಾದ ಪಾಲಿ ಇತಿಹಾಸ ಗ್ರಂಥವೊಂದು ಪಿಯದಸ್ಸಿ ಎಂಬ ಹೆಸರನ್ನು ಅಶೋಕನಿಗೆ ಬಳಸಿದೆ ಎಂಬ ಮಾತು. ಮೂರನೆಯದರಲ್ಲಿ, 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಗುರುತಿಸಿದ ಶಾಸನದಲ್ಲಿ ದೇವಾನಾಂಪಿಯ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರೇ ಇದೆ ಎಂಬ ಸಂಗತಿ. ನಾಲ್ಕೈದು ಮಕ್ಕಳ ಗುಂಪು ಓದಿ, ಯಾವ ಚೀಟಿ ಇಲ್ಲದಿದ್ದರೆ ವಾದ ಸಡಿಲವಾಗುತ್ತದೆ ಎಂದು ಚರ್ಚಿಸಲಿ. ಮಸ್ಕಿಯ ಶಾಸನದಲ್ಲಿ ಪಿಯದಸಿ ಎಂಬ ಹೆಸರಿಲ್ಲ ಎಂಬುದನ್ನು ಯಾವುದಾದರೂ ಗುಂಪು ಎತ್ತಿ ತೋರಿಸಿದರೆ, ಪಾಠ ದಾರಿ ಹಿಡಿದಿದೆ ಎಂದರ್ಥ.

ಪ್ರವೇಶಕ್ಕೆ ಐದು ನಿಮಿಷ. ಮಸ್ಕಿಯ ತರಗತಿಯಲ್ಲಿ ಬಂಡೆಯನ್ನು ಕಂಡ ಮಕ್ಕಳಿಂದಲೇ ಮಾತು ಶುರುಮಾಡಬಹುದು. ಸಿಂಧನೂರಿನಲ್ಲಿ ಎಲ್ಲರೂ ಕಂಡಿರಲಿಕ್ಕಿಲ್ಲ, ಅಲ್ಲಿ ಫೋಟೊ ಬೇಕು. ಒಂದೇ ಯೋಜನೆಯನ್ನು ಗೆಳೆಯರಿಂದ ನಕಲು ಮಾಡಿಕೊಂಡವರು ಎಡವುವುದು ಇಲ್ಲಿಯೇ. ಚೀಟಿ ಓದಲು ಹನ್ನೆರಡು ನಿಮಿಷ, ಚರ್ಚೆಗೆ ಹತ್ತು. ಉಳಿದ ಹದಿಮೂರು ನಿಮಿಷ ಮೌಲ್ಯಮಾಪನಕ್ಕೆ.

ತಪ್ಪು ಕಲ್ಪನೆ: ಕೊನೆಗೆ ‘ತಿಳೀತೇನು?’ ಎಂದು ಕೇಳಿದರೆ ಮೌಲ್ಯಮಾಪನ ಮುಗಿಯಿತು.

‘ತಿಳೀತ್ರೀ ಸರ್’ ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಮುಂದಿನ ಬೆಂಚಿನ ಇಬ್ಬರು ಉತ್ತರಿಸಿದರೆ ಎಲ್ಲರಿಗೂ ಬಂದಂತೆ ತೋರುತ್ತದೆ. ‘ಮಸ್ಕಿ ಶಾಸನ ಸಿಕ್ಕ ವರ್ಷ ಯಾವುದು?’ ಎಂಬ ಪ್ರಶ್ನೆಯೂ ಉದ್ದೇಶವನ್ನು ಮುಟ್ಟುವುದಿಲ್ಲ, ನೆನಪನ್ನಷ್ಟೇ ಅಳೆಯುತ್ತದೆ.

ಮಕ್ಕಳು ಇನ್ನೂ ನೋಡದ ನಾಲ್ಕನೇ ಚೀಟಿ ಕೊಡಿ: ಮಧ್ಯಪ್ರದೇಶದ ಗುಜರ್ರಾ ಶಾಸನದಲ್ಲಿ ದೇವಾನಾಂಪಿಯ, ಪಿಯದಸಿ, ಅಶೋಕ ಮೂರೂ ಒಟ್ಟಿಗೆ ಇವೆ. ಇದು ಮೊದಲ ಮೂರಕ್ಕೆ ಏನನ್ನು ಸೇರಿಸುತ್ತದೆ ಎಂದು ಪ್ರತಿಯೊಬ್ಬರೂ ಎಂಟು ನಿಮಿಷದಲ್ಲಿ ತಾವೇ ಬರೆಯಲಿ. ಉಳಿದ ಐದು ನಿಮಿಷದಲ್ಲಿ ಇಬ್ಬರು ಮೂವರ ಉತ್ತರ ಓದಿಸಿ. ‘ಅಶೋಕನ ಹೆಸರಿರುವುದು ಮಸ್ಕಿಯಲ್ಲಿ ಮಾತ್ರ’ ಎಂದು ಎಷ್ಟೋ ಯೋಜನೆಗಳಲ್ಲಿ ಬರೆದಿರುತ್ತಾರೆ. ಗುಜರ್ರಾದ ಜೊತೆಗೆ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲೂ ಅದು ಸಿಕ್ಕಿದೆ. ಹೆಸರು ಮೊದಲು ಸಿಕ್ಕ ಶಾಸನ ಎಂಬ ಹಿರಿಮೆ ಮಸ್ಕಿಯದು. ಈ ತಪ್ಪು ಇದೇ ಚೀಟಿಯಿಂದ ತಾನಾಗಿ ಕಳಚುತ್ತದೆ.

ಸಂಜೆ ಉತ್ತರಗಳನ್ನು ಮೂರು ಕಟ್ಟು ಮಾಡಿ: ಕಾರಣ ಸಹಿತ ಸರಿ, ಕಾರಣವಿಲ್ಲದೆ ಸರಿ, ತಪ್ಪು. ನಡುವಿನ ಕಟ್ಟೇ ದಪ್ಪವಾಗಿದ್ದರೆ ಮಕ್ಕಳು ಸಂಗತಿ ಹಿಡಿದಿದ್ದಾರೆ, ಹೋಲಿಕೆ ಹಿಡಿದಿಲ್ಲ. ಆಗ ಮರುದಿನದ ಯೋಜನೆಯಲ್ಲಿ ಹೊಸ ಅಂಶ ಬೇಡ. ಅದೇ ಚೀಟಿಗಳಲ್ಲಿ ಎರಡನ್ನು ಮಾತ್ರ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ಪದ ಯಾವುದು, ಒಂದರಲ್ಲಿ ಮಾತ್ರ ಇರುವುದು ಯಾವುದು ಎಂದು ಗೆರೆ ಹೊಡೆಸುವುದರಿಂದ ಶುರುಮಾಡಿ. ಈ ಬದಲಾವಣೆಯನ್ನು ಯೋಜನೆಯ ಹಾಳೆಯಲ್ಲೇ ಕಾರಣದೊಂದಿಗೆ ಬರೆದು ಮಾರ್ಗದರ್ಶಕ ಶಿಕ್ಷಕರಿಗೆ ತೋರಿಸಿ.